ತೊಂಡೇಬಾವಿ ಮನೆಯ ಎರಡು ರೂಟರ್

ಒಂದೇ ಮನೆಯಲ್ಲಿ ಒಂದರ ಹಿಂದೆ ಒಂದು ಎರಡು ರೂಟರ್ ಇದ್ದರೂ ದಿನನಿತ್ಯದ ಯಾವ ಕೆಲಸವೂ ನಿಲ್ಲೋದಿಲ್ಲ. ಯೂಟ್ಯೂಬ್ ಓಡುತ್ತೆ, ವಾಟ್ಸಾಪ್ ಕಾಲ್ ಹೋಗುತ್ತೆ, ಸ್ಪೀಡ್ ಟೆಸ್ಟ್ ಮಾಡಿದರೆ ಪ್ಲಾನ್‌ನಲ್ಲಿ ಹೇಳಿದಷ್ಟು ಸ್ಪೀಡ್ ಬರುತ್ತೆ. ಅದಕ್ಕೇ ಡಬಲ್ ನ್ಯಾಟ್ ಅನ್ನೋದು ಎಷ್ಟೋ ಮನೆಗಳಲ್ಲಿ ಯಾರ ಗಮನಕ್ಕೂ ಬರದೆ ವರ್ಷಗಟ್ಟಲೆ ಕೂತಿರುತ್ತೆ. ಹೊರಗಿನಿಂದ ಮನೆಯೊಳಕ್ಕೆ ಬರಬೇಕು ಅಂದಾಗ ಮಾತ್ರ ಅದರ ಮುಖ ಕಾಣೋದು. ನಮಗೆ ಕಂಡದ್ದು ಗೌರಿಬಿದನೂರು ತಾಲ್ಲೂಕಿನ ತೊಂಡೇಬಾವಿಯಲ್ಲಿ.

ನಮ್ಮ ಪ್ರಾಜೆಕ್ಟ್ ಟೀಮಿನ ಒಬ್ಬನ ಮನೆ ಅಲ್ಲಿದೆ. ಮನೆ ಹಿಂದೇನೇ ತೋಟ, ತೋಟದಲ್ಲಿ ಬೋರ್‌ವೆಲ್. ಆ ಕಡೆಯವರಿಗೆ ಹೇಳಬೇಕಾಗಿಲ್ಲ, ತ್ರೀ ಫೇಸ್ ಕರೆಂಟ್ ಕೆಲವು ದಿನ ಹಗಲಲ್ಲಿ ಬರುತ್ತೆ, ಕೆಲವು ದಿನ ರಾತ್ರಿ. ರಾತ್ರಿ ಬಂದಾಗ ಅವನ ಅಪ್ಪ ಎದ್ದು ಹೋಗಿ ಮೋಟರ್ ನೋಡ್ಕೋಬೇಕು. ಬೇಸಿಗೆಯಲ್ಲಿ ಬೋರ್‌ನಲ್ಲಿ ನೀರು ಕೆಳಕ್ಕೆ ಹೋದರೆ ಮೋಟರ್ ನೀರಿಲ್ಲದೆ ಓಡಿ ಸುಟ್ಟುಹೋಗುತ್ತೆ. ಆಮೇಲೆ ಅದನ್ನ ಮೇಲಕ್ಕೆ ಎತ್ತಿಸಿ ರಿವೈಂಡಿಂಗ್ ಮಾಡಿಸೋ ಖರ್ಚು ಆ ಬೆಳೆಯ ಲಾಭವನ್ನೇ ನುಂಗಿಬಿಡುತ್ತೆ. ನೀರಿಲ್ಲದೆ ಓಡೋ ಮೋಟರ್ ಎಳೆಯೋ ಕರೆಂಟ್ ಕಡಿಮೆಯಾಗುತ್ತಲ್ಲ, ಅದನ್ನೇ ಹಿಡಿದು ನಾವು ಸ್ಟಾರ್ಟರ್ ಪ್ಯಾನೆಲ್ ಪಕ್ಕ ಒಂದು ರಾಸ್ಪ್‌ಬೆರಿ ಪೈ ಇಟ್ಟಿದ್ವಿ. ಕರೆಂಟ್ ಒಂದು ಮಿತಿಗಿಂತ ಕೆಳಗಿಳಿದರೆ ಮೋಟರ್ ಆಫ್. ಆದರೆ ಆ ಮಿತಿ ಒಂದೇ ಕಡೆ ನಿಲ್ಲಲ್ಲ. ನೀರಿನ ಮಟ್ಟ ಬದಲಾದಂತೆ ಅದನ್ನೂ ಸರಿಮಾಡ್ತಾ ಇರಬೇಕು. ಹಾಸ್ಟೆಲ್‌ನಲ್ಲಿ ಕೂತು ಅದನ್ನ ಮಾಡಬೇಕಾದರೆ ಪೈ ಒಳಗೆ ಲಾಗಿನ್ ಆಗಲೇಬೇಕು.

ಪೈ ಬರೀ ರೀಡಿಂಗ್ ಕಳಿಸೋದಾಗಿದ್ದರೆ ಈ ಲೇಖನವೇ ಬೇಕಿರಲಿಲ್ಲ. ಒಳಗಿನಿಂದ ಹೊರಕ್ಕೆ ಹೋಗೋ ಸಂಪರ್ಕಕ್ಕೆ ಎರಡಲ್ಲ, ಮೂರು ನ್ಯಾಟ್ ಇದ್ದರೂ ತೊಂದರೆ ಇಲ್ಲ. ನಮಗೆ ಬೇಕಾಗಿದ್ದು ಉಲ್ಟಾ ದಿಕ್ಕು. ಪೈ ಮೇಲೆ ವೈರ್‌ಗಾರ್ಡ್ ವಿಪಿಎನ್ ಹಾಕಿದ್ವಿ, ಅದು ಯುಡಿಪಿ 51820ನೇ ಪೋರ್ಟ್‌ನಲ್ಲಿ ಕಾಯುತ್ತೆ. ಮನೆಯ ರೂಟರ್‌ನಲ್ಲಿ ಆ ಪೋರ್ಟನ್ನ ಪೈಗೆ ಫಾರ್ವರ್ಡ್ ಮಾಡಿದ್ವಿ. ಮೊಬೈಲ್ ಡೇಟಾದಿಂದ ಕನೆಕ್ಟ್ ಮಾಡಿದರೆ ಮೌನ. ಎರರ್ ಕೂಡ ಇಲ್ಲ.

ಮನೆಯಲ್ಲಿ ಡಬ್ಬಿಗಳು ಹೇಗೆ ಕೂತಿದ್ದವು ಅಂತ ಮೊದಲು ಹೇಳಿಬಿಡ್ತೀವಿ. ಬೀದಿ ಕಂಬದಿಂದ ಬಂದ ಫೈಬರ್ ಮುಂದಿನ ಹಾಲ್‌ನಲ್ಲಿರೋ ಒಎನ್‌ಟಿಗೆ ಸೇರುತ್ತೆ. ಊರಲ್ಲಿ ಅದನ್ನ ಮೋಡೆಮ್ ಅಂತಾರೆ, ಆದರೆ ಅದು ಬರೀ ಬೆಳಕನ್ನ ಎತರ್ನೆಟ್ ಮಾಡೋ ಡಬ್ಬಿ ಅಲ್ಲ. ಅದರೊಳಗೇ ಒಂದು ಪೂರ್ತಿ ರೂಟರ್ ಇದೆ, ವೈಫೈ ಇದೆ, ಅಡ್ರೆಸ್ ಹಂಚೋ ಡಿಎಚ್‌ಸಿಪಿ ಇದೆ. ಅದರ ವೈಫೈ ದಪ್ಪ ಗೋಡೆ ದಾಟಿ ಹಿತ್ತಲಿಗೆ ಬರ್ತಿರಲಿಲ್ಲ ಅಂತ ಮನೆಯವರು ಇನ್ನೊಂದು ಒಳ್ಳೆ ರೂಟರ್ ತಂದಿದ್ದರು. ಒಎನ್‌ಟಿಯ ಲ್ಯಾನ್ ಪೋರ್ಟ್‌ನಿಂದ ಹೊಸ ರೂಟರ್‌ನ ವ್ಯಾನ್ ಪೋರ್ಟ್‌ಗೆ ಒಂದು ಕೇಬಲ್. ಯಾರೇ ಆದರೂ ಹಾಕೋದು ಹಾಗೇ.

ಒಎನ್‌ಟಿ ತನ್ನ ಒಳಗಡೆಗೆ 192.168.1.1 ಆಗಿತ್ತು. ಹೊಸ ರೂಟರ್‌ಗೆ ಅದು 192.168.1.2 ಅನ್ನೋ ಅಡ್ರೆಸ್ ಕೊಟ್ಟಿತ್ತು. ಹೊಸ ರೂಟರ್ ತನ್ನ ಒಳಗಡೆ 192.168.0.1 ಆಗಿ, ಪೈಗೆ 192.168.0.50 ಕೊಟ್ಟಿತ್ತು. ಒಎನ್‌ಟಿಯ ಹೊರಗಿನ ಅಡ್ರೆಸ್ 203.0.113.45 ಅಂತ ಇಟ್ಕೊಳ್ಳೋಣ. ನಿಜವಾದ ಅಡ್ರೆಸ್ ಇಲ್ಲಿ ಹಾಕೋದು ಸರಿಯಲ್ಲ, ಅದಕ್ಕೆ ಉದಾಹರಣೆಗಳಿಗೆ ಅಂತಲೇ ಮೀಸಲಿಟ್ಟ ಸಾಲಿನಿಂದ ಒಂದನ್ನ ತಗೊಂಡಿದೀವಿ.

ಈಗ ಒಂದು ಪ್ಯಾಕೆಟ್ ಹಿಂದೆ ಹೋಗೋಣ. ಹಾಸ್ಟೆಲ್ ಗೇಟ್‌ನಲ್ಲಿ ಒಂದು ರಿಜಿಸ್ಟರ್, ಕಾಲೇಜ್ ಮೇನ್ ಗೇಟ್‌ನಲ್ಲಿ ಇನ್ನೊಂದು ರಿಜಿಸ್ಟರ್ ಇದೆ ಅಂದ್ಕೊಳ್ಳಿ. ಪೈ ಹೊರಗಿನ ಸರ್ವರ್‌ಗೆ ಏನೋ ಕಳಿಸಿದಾಗ ಮೊದಲು ಒಳಗಿನ ರೂಟರ್ "0.50ರಿಂದ ಬಂದದ್ದು, ನನ್ನ ಇಂಥಾ ಪೋರ್ಟ್‌ನಿಂದ ಕಳಿಸಿದೆ" ಅಂತ ತನ್ನ ಪುಸ್ತಕದಲ್ಲಿ ಬರ್ಕೊಂಡು, ಕಳಿಸಿದವರ ಜಾಗದಲ್ಲಿ ತನ್ನ 192.168.1.2 ಹಾಕುತ್ತೆ. ಅದು ಒಎನ್‌ಟಿಗೆ ಬಂದಾಗ ಒಎನ್‌ಟಿಯೂ ಅದನ್ನೇ ಮಾಡುತ್ತೆ. "1.2ರಿಂದ ಬಂದದ್ದು" ಅಂತ ಬರ್ಕೊಂಡು 203.0.113.45 ಹಾಕಿ ಆಚೆ ಬಿಡುತ್ತೆ. ಉತ್ತರ ಬಂದಾಗ ಎರಡೂ ಪುಸ್ತಕದಲ್ಲಿ ಸಾಲು ಇದೆ. ಒಎನ್‌ಟಿ 1.2ಕ್ಕೆ ಕೊಡುತ್ತೆ, ಅದು 0.50ಕ್ಕೆ ಕೊಡುತ್ತೆ. ಹೊರಗೆ ಹೋಗೋ ಕೆಲಸ ಯಾವತ್ತೂ ಕೆಡದೆ ಇರೋದು ಇದಕ್ಕೇ. ಸಾಲನ್ನ ಹೊರಗೆ ಹೋಗೋ ಪ್ಯಾಕೆಟ್ಟೇ ಬರೆಸಿರುತ್ತೆ.

ನಮ್ಮ ಮೊಬೈಲ್ ಹೊರಗಿನಿಂದ 203.0.113.45ರ 51820ಕ್ಕೆ ಬಂದಾಗ ಕತೆ ಬೇರೆ. ಮೊದಲು ಸಿಗೋದು ಮೇನ್ ಗೇಟ್, ಅಂದರೆ ಒಎನ್‌ಟಿ. ಅದರ ಪುಸ್ತಕದಲ್ಲಿ 51820ರ ಬಗ್ಗೆ ಒಂದಕ್ಷರವೂ ಇಲ್ಲ. ನಾವು ಪೋರ್ಟ್ ಫಾರ್ವರ್ಡ್ ಬರೆದದ್ದು ಹಾಸ್ಟೆಲ್ ಗೇಟಿನ ಪುಸ್ತಕದಲ್ಲಿ. ಆ ಸಾಲು ಸರಿಯಾಗೇ ಇದೆ, ಆದರೆ ಅಲ್ಲೀವರೆಗೆ ಯಾರೂ ಬರೋದೇ ಇಲ್ಲ. ಯುಪಿಎನ್‌ಪಿ ಆನ್ ಮಾಡಿದರೂ ಅಷ್ಟೇ. ಪೈ ಕೇಳೋದು ತನಗೆ ಹತ್ತಿರದ ರೂಟರನ್ನ, ಅದು ತೆರೆಯೋದು ತನ್ನ ಬಾಗಿಲನ್ನ. ಹಾಸ್ಟೆಲ್‌ನಲ್ಲಿ ಗೇಮ್ ಆಡೋರಿಗೆ ರಜಾಕ್ಕೆ ಮನೆಗೆ ಹೋದಾಗ "ನ್ಯಾಟ್ ಟೈಪ್ ಸ್ಟ್ರಿಕ್ಟ್" ಅಂತ ಬರುತ್ತಲ್ಲ, ಅದರ ಹಿಂದೆ ಎಷ್ಟೋ ಸಲ ಇದೇ ಇರುತ್ತೆ.

ಇದು ಊಹೆ ಅಲ್ಲ ಅಂತ ಖಾತ್ರಿ ಮಾಡ್ಕೊಳ್ಳೋಕೆ ಎರಡು ಪರೀಕ್ಷೆ ಮಾಡಿದ್ವಿ. ವೈರ್‌ಗಾರ್ಡ್ ಗುರುತಿಲ್ಲದವರಿಗೆ ಉತ್ತರ ಕೊಡೋದೇ ಇಲ್ಲ. ಹಾಗಾಗಿ ಆನ್‌ಲೈನ್ ಪೋರ್ಟ್ ಚೆಕ್ಕರ್‌ಗಳಿಂದ ಇಲ್ಲಿ ಏನೂ ಗೊತ್ತಾಗಲ್ಲ. ಪ್ಯಾಕೆಟ್ ಪೈ ತನಕ ಬಂತಾ ಅಂತ ಪೈ ಮೇಲೇ ಕೂತು ನೋಡಬೇಕು.

```
sudo tcpdump -ni eth0 udp port 51820
```

ಮೊಬೈಲ್ ಡೇಟಾದಿಂದ ಕನೆಕ್ಟ್ ಒತ್ತಿದಾಗ ಇಲ್ಲಿ ಒಂದು ಸಾಲೂ ಬರಲಿಲ್ಲ. ಕೀ ತಪ್ಪಿದ್ದರೆ ಪ್ಯಾಕೆಟ್ ಬಂದು ಉತ್ತರ ಹೋಗ್ತಿರಲಿಲ್ಲ. ಪ್ಯಾಕೆಟ್ಟೇ ಬಂದಿಲ್ಲ ಅಂದರೆ ತೊಂದರೆ ದಾರಿಯಲ್ಲಿದೆ. ಎರಡನೇ ಪರೀಕ್ಷೆಗೆ ಅದೇ ಮೊಬೈಲನ್ನ ಒಎನ್‌ಟಿಯ ಸ್ವಂತ ವೈಫೈಗೆ ಸೇರಿಸಿ, ಎಂಡ್‌ಪಾಯಿಂಟ್ ಅಡ್ರೆಸ್ಸನ್ನ 192.168.1.2 ಅಂತ ಬದಲಾಯಿಸಿದ್ವಿ. ಅಂದರೆ ಮೇನ್ ಗೇಟಿನ ಒಳಗೆ ನಿಂತು ಹಾಸ್ಟೆಲ್ ಗೇಟ್ ಬಡಿದಂತೆ. ತಕ್ಷಣ ಹ್ಯಾಂಡ್‌ಶೇಕ್ ಆಯ್ತು. ಒಳಗಿನ ರೂಟರ್‌ನ ಫಾರ್ವರ್ಡ್ ಸರಿ, ವೈರ್‌ಗಾರ್ಡ್ ಸರಿ, ತಡೆ ಇರೋದು ಒಎನ್‌ಟಿಯಲ್ಲಿ ಮಾತ್ರ ಅಂತ ಇದರಿಂದ ಗೊತ್ತಾಯ್ತು.

ಟ್ರೇಸ್‌ರೂಟ್ ಕೂಡ ನೋಡಿದ್ವಿ.

```
$ traceroute -n 8.8.8.8
 1  192.168.0.1   1.1 ms
 2  192.168.1.1   1.8 ms
 3  10.20.0.1     6.4 ms
```

ಎರಡು ಪ್ರೈವೇಟ್ ಅಡ್ರೆಸ್ ಸಾಲಾಗಿ ಬಂದರೆ ಡಬಲ್ ನ್ಯಾಟ್ ಅಂತ ಎಲ್ಲರೂ ಹೇಳ್ತಾರೆ. ಅನುಮಾನ ಪಡೋಕೆ ಅಷ್ಟು ಸಾಕು, ತೀರ್ಮಾನಕ್ಕೆ ಸಾಲದು. ಮೂರನೇ ಸಾಲು ನೋಡಿ, ಅದೂ 10ರಿಂದ ಶುರುವಾಗೋ ಪ್ರೈವೇಟ್ ಅಡ್ರೆಸ್ಸೇ. ಹಾಗಂತ ಅಲ್ಲಿ ಮೂರನೇ ನ್ಯಾಟ್ ಇದೆ ಅಂತಲ್ಲ. ಕಂಪನಿಯವರು ತಮ್ಮ ಒಳಗಿನ ರೂಟರ್‌ಗಳಿಗೆ ಪ್ರೈವೇಟ್ ಅಡ್ರೆಸ್ ಇಟ್ಕೊಳ್ಳೋದು ಮಾಮೂಲಿ. ಟ್ರೇಸ್‌ರೂಟ್ ದಾರಿಯನ್ನ ತೋರಿಸುತ್ತೆ, ಯಾರು ಅಡ್ರೆಸ್ ಬದಲಾಯಿಸಿದರು ಅನ್ನೋದನ್ನ ತೋರಿಸಲ್ಲ. ಅದು ಗೊತ್ತಾಗಬೇಕಾದರೆ ರೂಟರ್ ತನ್ನ ವ್ಯಾನ್ ಅಡ್ರೆಸ್ ಏನು ಅಂದ್ಕೊಂಡಿದೆ, ಹೊರಗಿನ ಪ್ರಪಂಚ ನಮ್ಮನ್ನ ಯಾವ ಅಡ್ರೆಸ್‌ನಲ್ಲಿ ನೋಡ್ತಿದೆ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು. ಹೊರಗಿನದ್ದಕ್ಕೆ `curl ifconfig.me` ಸಾಕು.

ನಮ್ಮ ರೂಟರ್ ಹೇಳಿದ್ದು 192.168.1.2, ಹೊರಗಿನವರು ಹೇಳಿದ್ದು 203.0.113.45. ಎರಡೂ ಬೇರೆ, ಅಂದರೆ ನಡುವೆ ಕನಿಷ್ಠ ಒಂದು ನ್ಯಾಟ್ ಇದೆ. ಆಮೇಲೆ ಒಎನ್‌ಟಿಯ ಸ್ಟೇಟಸ್ ಪುಟದಲ್ಲಿ ಅದರ ವ್ಯಾನ್ ಅಡ್ರೆಸ್ ನೋಡಿದ್ವಿ. ಅದು 203.0.113.45. ಹೊರಗಿನದ್ದಕ್ಕೂ ಅದಕ್ಕೂ ತಾಳೆಯಾಯ್ತು, ಅಂದರೆ ಒಎನ್‌ಟಿಯಿಂದ ಆಚೆ ಬೇರೆ ನ್ಯಾಟ್ ಇಲ್ಲ. ಬ್ರಿಡ್ಜ್ ಮೋಡ್‌ಗೆ ಕೈ ಹಾಕೋ ಮೊದಲು ನೋಡಲೇಬೇಕಾದ್ದು ಇದೊಂದು ಸಾಲು. ಯಾಕೆ ಅಂತ ಕೊನೆಯಲ್ಲಿ ಹೇಳ್ತೀವಿ.

ಎರಡು ಪುಸ್ತಕದಲ್ಲೂ ಒಂದೊಂದು ಸಾಲು ಬರೆದುಬಿಟ್ಟರೆ ಆಗಲ್ವಾ ಅಂತ ಕೇಳಬಹುದು. ಆಗುತ್ತೆ. ಒಎನ್‌ಟಿಯಲ್ಲಿ 51820ನ್ನ 1.2ಕ್ಕೆ, ರೂಟರ್‌ನಲ್ಲಿ 0.50ಕ್ಕೆ ಕಳಿಸಿದರೆ ಪ್ಯಾಕೆಟ್ ಬರುತ್ತೆ. ಹೊಸ ರೂಟರನ್ನ ಆಕ್ಸೆಸ್ ಪಾಯಿಂಟ್ ಮಾಡಿ, ರೂಟರ್ ಕೆಲಸವನ್ನೆಲ್ಲ ಒಎನ್‌ಟಿಗೇ ಬಿಟ್ಟರೂ ನ್ಯಾಟ್ ಒಂದೇ ಉಳಿಯುತ್ತೆ. ಆದರೆ ನಮಗೆ ಸಿಕ್ಕಿದ್ದ ಒಎನ್‌ಟಿ ಲಾಗಿನ್‌ನಲ್ಲಿ ವೈಫೈ ಪಾಸ್‌ವರ್ಡ್ ಬದಲಾಯಿಸೋದು ಬಿಟ್ಟರೆ ಹೆಚ್ಚೇನೂ ಮಾಡೋಕೆ ಬಿಡ್ತಿರಲಿಲ್ಲ. ಇನ್ನೊಂದು ಕಾರಣವೂ ಇತ್ತು. ಮನೆಯ ಅಡ್ರೆಸ್ ಸ್ಥಿರ ಅಲ್ಲ, ಲೈನ್ ಕಡಿದು ಬಂದಾಗ ಬದಲಾಗುತ್ತೆ. ಅದಕ್ಕೆ ರೂಟರ್‌ನಲ್ಲಿ ಡೈನಾಮಿಕ್ ಡಿಎನ್‌ಎಸ್ ಹಾಕಬೇಕಿತ್ತು. ಡಬಲ್ ನ್ಯಾಟ್‌ನ ಒಳಗಿರೋ ರೂಟರ್‌ಗೆ ತನ್ನ ಅಡ್ರೆಸ್ 192.168.1.2 ಅಂತಲೇ ಗೊತ್ತಿರೋದು. ಅದು ಅದನ್ನೇ ಕೊಂಡೊಯ್ದು ರಿಜಿಸ್ಟರ್ ಮಾಡಿದರೆ ಯಾರಿಗೆ ಪ್ರಯೋಜನ? ಹೊರಗಿನ ಅಡ್ರೆಸ್ ನೇರವಾಗಿ ನಮ್ಮ ರೂಟರ್ ಮೇಲೇ ಕೂರಬೇಕು ಅಂತ ತೀರ್ಮಾನ ಮಾಡಿದ್ವಿ.

ಬ್ರಿಡ್ಜ್ ಮೋಡ್ ಮಾಡೋದು ಅಷ್ಟನ್ನೇ. ಒಎನ್‌ಟಿಯೊಳಗಿನ ರೂಟರನ್ನ ಮಲಗಿಸಿ, ಅದನ್ನ ಬರೀ ಫೈಬರ್‌ನಿಂದ ಎತರ್ನೆಟ್‌ಗೆ ದಾಟಿಸೋ ಸೇತುವೆ ಮಾಡುತ್ತೆ. ಅದು ಆಮೇಲೆ ಅಡ್ರೆಸ್ ಓದಲ್ಲ, ಬದಲಾಯಿಸಲ್ಲ, ಪುಸ್ತಕ ಇಡಲ್ಲ. ಇಲ್ಲೀವರೆಗೆ ಕಂಪನಿಗೆ ಯೂಸರ್‌ನೇಮ್, ಪಾಸ್‌ವರ್ಡ್ ಹೇಳಿ ಲಾಗಿನ್ ಆಗ್ತಿದ್ದದ್ದು ಒಎನ್‌ಟಿ. ಇನ್ನು ಮೇಲೆ ಆ ಲಾಗಿನ್ ಕೆಲಸ ನಮ್ಮ ರೂಟರ್‌ದು. ಆ ಲಾಗಿನ್ ವಿಧಾನಕ್ಕೆ ಪಿಪಿಪಿಒಇ ಅಂತಾರೆ. ನಮ್ಮ ರೂಟರ್ "ಅಲ್ಲಿ ಯಾರಿದೀರಿ" ಅಂತ ಒಂದು ಬ್ರಾಡ್‌ಕಾಸ್ಟ್ ಕೂಗುತ್ತೆ, ಸೇತುವೆ ಅದನ್ನ ಹಾಗೇ ದಾಟಿಸುತ್ತೆ, ಆಚೆಯಿಂದ ಕಂಪನಿಯ ಸರ್ವರ್ ಓಗೊಡುತ್ತೆ, ಕೊನೆಗೆ ಹೊರಗಿನ ಅಡ್ರೆಸ್ ಕೊಡುತ್ತೆ.

ಹಾಗಾಗಿ ಶುರು ಮಾಡೋ ಮೊದಲೇ ಮೂರು ವಿಷಯ ಕೈಯಲ್ಲಿರಬೇಕು: ಪಿಪಿಪಿಒಇ ಯೂಸರ್‌ನೇಮ್, ಅದರ ಪಾಸ್‌ವರ್ಡ್, ಮತ್ತೆ ಇಂಟರ್ನೆಟ್‌ನ ವಿಲ್ಯಾನ್ ನಂಬರ್. ಇವಿಲ್ಲದೆ ಬ್ರಿಡ್ಜ್ ಒತ್ತಿದರೆ ಮನೆಗೆ ನೆಟ್ ಇಲ್ಲ, ನೆಟ್ ಇಲ್ಲದೆ ಹುಡುಕೋದಕ್ಕೂ ಆಗಲ್ಲ. ಲೈನ್ ನೋಡ್ಕೊಳ್ಳೋ ಹುಡುಗನಿಗೆ ಫೋನ್ ಮಾಡಿ, "ಅಣ್ಣ, ಒಎನ್‌ಟಿ ಬ್ರಿಡ್ಜ್ ಮಾಡಿಕೊಡ್ತೀರಾ?" ಅಂತ ಕೇಳಿದ್ವಿ.

"ಮಾಡ್ಕೊಡ್ತೀನಿ. ಆಮೇಲೆ ನೆಟ್ ಬರ್ತಿಲ್ಲ ಅಂದ್ರೆ ಮೊದ್ಲು ನಿಮ್ ರೂಟರ್ ನೋಡ್ಕೊಂಡು ಫೋನ್ ಮಾಡಿ, ಅಷ್ಟೇ" ಅಂದರು.

ಅವರ ಮಾತು ನ್ಯಾಯವಾದದ್ದೇ. ಬ್ರಿಡ್ಜ್ ಆದ ಮೇಲೆ ಲಾಗಿನ್ ಆಗಿದೆಯೋ ಇಲ್ಲವೋ ಅನ್ನೋದು ಅವರ ಡಬ್ಬಿಯಲ್ಲಿ ಕಾಣೋದೇ ಇಲ್ಲ.

ಅವರು ಬಂದು ಅಡ್ಮಿನ್ ಲಾಗಿನ್‌ನಲ್ಲಿ ಇಂಟರ್ನೆಟ್‌ನ ವ್ಯಾನ್ ಪ್ರೊಫೈಲ್ ತೆರೆದು `Route` ಇದ್ದದ್ದನ್ನ `Bridge` ಮಾಡಿದರು. ವಿಲ್ಯಾನ್ ನಂಬರ್ ಒಎನ್‌ಟಿಯಲ್ಲೇ ಉಳಿಸಿಕೊಂಡರು. ಅದನ್ನ ಒಎನ್‌ಟಿ ಹಾಕ್ತಿದ್ದರೆ ನಮ್ಮ ರೂಟರ್ ಹಾಕಬಾರದು, ಒಂದೇ ಕಡೆ ಇರಬೇಕು. ಲ್ಯಾಂಡ್‌ಲೈನ್ ಇರೋ ಮನೆಯಾದರೆ ಅದಕ್ಕೆ ಸಾಮಾನ್ಯವಾಗಿ ಬೇರೆ ಪ್ರೊಫೈಲ್ ಇರುತ್ತೆ, ಅದನ್ನ ಮುಟ್ಟಬಾರದು. ಒಎನ್‌ಟಿಯ ವೈಫೈ ಆಫ್ ಮಾಡಿದರು. ನಾವು ಹೊಸ ರೂಟರ್‌ನಲ್ಲಿ ವ್ಯಾನ್ ವಿಧವನ್ನ `PPPoE` ಮಾಡಿ ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿದ್ವಿ.

ಲಾಗಿನ್ ಆಗಲಿಲ್ಲ. ಇಲ್ಲಿ ರೂಟರ್ ಲಾಗ್ ಓದೋದು ಮುಖ್ಯ. ಎರಡು ಬಗೆಯ ಸೋಲು ಇವೆ, ಎರಡಕ್ಕೂ ಔಷಧಿ ಬೇರೆ. ಲಾಗ್‌ನಲ್ಲಿ ಪಾಸ್‌ವರ್ಡ್ ನಿರಾಕರಣೆ ಅಂತ ಬಂದರೆ ದಾರಿ ಸರಿಯಿದೆ, ಆಚೆಯವರು ಮಾತಾಡ್ತಿದಾರೆ ಅಂತ ಅರ್ಥ. ಪಾಸ್‌ವರ್ಡ್ ತಪ್ಪಿರಬಹುದು. ಇಲ್ಲ ಒಎನ್‌ಟಿಯ ಹಳೇ ಸೆಷನ್ ಸರ್ವರ್‌ನಲ್ಲಿ ಇನ್ನೂ ಜೀವಂತ ಇರಬಹುದು, ಸ್ವಲ್ಪ ಹೊತ್ತು ಕಾದರೆ ಬಿಡುತ್ತೆ. ಕೆಲವು ಕಡೆ ಹಳೇ ಡಬ್ಬಿಯ ಮ್ಯಾಕ್ ಅಡ್ರೆಸ್‌ಗೆ ಅಕೌಂಟ್ ಕಟ್ಟಿರ್ತಾರೆ, ಅದನ್ನ ಅವರೇ ಬಿಡಿಸಬೇಕು. ಆದರೆ ನಮ್ಮ ಲಾಗ್‌ನಲ್ಲಿ ಇದ್ದದ್ದು ಬೇರೆ. ನಮ್ಮ ಕೂಗಿಗೆ ಓಗೊಟ್ಟವರೇ ಇರಲಿಲ್ಲ. ಅಂದರೆ ಕೂಗು ಸೇತುವೆ ದಾಟಿಲ್ಲ. ಒಎನ್‌ಟಿಯ ಬ್ರಿಡ್ಜ್ ಪ್ರೊಫೈಲ್‌ನಲ್ಲಿ ಯಾವ ಲ್ಯಾನ್ ಪೋರ್ಟ್ ಈ ಸೇತುವೆಗೆ ಸೇರಿದ್ದು ಅಂತ ಟಿಕ್ ಮಾಡೋ ಜಾಗ ಇದೆ. ಟಿಕ್ ಇದ್ದದ್ದು ಲ್ಯಾನ್ 1ಕ್ಕೆ, ನಮ್ಮ ಕೇಬಲ್ ಇದ್ದದ್ದು ಲ್ಯಾನ್ 2ರಲ್ಲಿ. ಕೇಬಲ್ ಬದಲಾಯಿಸಿದ ಕೂಡಲೇ ಲಾಗಿನ್ ಆಯ್ತು.

ಈಗ ರೂಟರ್‌ನ ವ್ಯಾನ್ ಅಡ್ರೆಸ್ 203.0.113.78, `curl ifconfig.me` ಹೇಳಿದ್ದೂ ಅದೇ. ಟ್ರೇಸ್‌ರೂಟ್‌ನಿಂದ 192.168.1.1 ಮಾಯ. ಪೋರ್ಟ್ ಫಾರ್ವರ್ಡ್ ಸಾಲನ್ನ ನಾವು ಮುಟ್ಟಲೇ ಇಲ್ಲ, ಮೊದಲು ಬರೆದದ್ದೇ ಇತ್ತು. ಮೊಬೈಲ್ ಡೇಟಾದಿಂದ ಕನೆಕ್ಟ್ ಒತ್ತಿದಾಗ ಟಿಸಿಪಿಡಂಪ್‌ನಲ್ಲಿ ಸಾಲುಗಳು ಬಂದವು, `wg show` ಹೊಸ ಹ್ಯಾಂಡ್‌ಶೇಕ್ ತೋರಿಸ್ತು. ಆ ವಾರವೇ ಹಾಸ್ಟೆಲ್‌ನಿಂದ ಮೋಟರ್‌ನ ಮಿತಿಯನ್ನ ಎರಡು ಸಲ ಬದಲಾಯಿಸಿದ್ವಿ. ರಾತ್ರಿ ತ್ರೀ ಫೇಸ್ ಬಂದಾಗ ಅವನ ಅಪ್ಪ ಎದ್ದು ಸ್ವಿಚ್ ಹಾಕಿ ಮತ್ತೆ ಮಲಗ್ತಾರೆ, ಮೋಟರ್ ಪಕ್ಕ ಕಾಯ್ತಾ ಕೂರಲ್ಲ.

ಬ್ರಿಡ್ಜ್ ಆದ ಮೇಲೆ ಮೂರು ಬದಲಾವಣೆ ನೆನಪಿಟ್ಕೋಬೇಕು. ಒಂದು, ಪಿಪಿಪಿಒಇ ಪ್ರತಿ ಪ್ಯಾಕೆಟ್‌ಗೂ 8 ಬೈಟ್ ಹೊದಿಕೆ ಹಾಕುತ್ತೆ. ಹಾಗಾಗಿ 1500 ಬೈಟಿನ ಜಾಗದಲ್ಲಿ ನಮಗೆ ಉಳಿಯೋದು 1492. ಹೆಚ್ಚಿನ ರೂಟರ್‌ಗಳು ಇದನ್ನ ತಾವೇ ಹಾಕ್ಕೊಳ್ಳುತ್ತವೆ. ಕೆಲವು ಸೈಟ್ ತೆರೆದು ಕೆಲವು ಅರ್ಧಕ್ಕೆ ನಿಂತರೆ ಮೊದಲು ನೋಡಬೇಕಾದ್ದು ಈ ಎಂಟಿಯು ಅಂಕಿ. ಎರಡು, 192.168.1.1 ಅಂತ ಹೊಡೆದರೆ ಇನ್ನು ಒಎನ್‌ಟಿ ಪುಟ ಬರಲ್ಲ. ಅದು ಬೇಕಾದರೆ ಲ್ಯಾಪ್‌ಟಾಪನ್ನ ನೇರವಾಗಿ ಒಎನ್‌ಟಿಗೆ ಚುಚ್ಚಿ, 192.168.1.10 ಅಂತ ಅಡ್ರೆಸ್ಸನ್ನ ಕೈಯಾರೆ ಹಾಕ್ಕೋಬೇಕು. ಮೂರು, ಇಂಟರ್ನೆಟ್‌ಗೆ ಈಗ ನೇರ ಎದುರಾಗಿ ನಿಂತಿರೋದು ನಮ್ಮ ರೂಟರ್. ಮೊದಲು ಒಎನ್‌ಟಿ ತಡೀತಿದ್ದದ್ದೆಲ್ಲ ಈಗ ಇಲ್ಲಿಗೇ ಬರುತ್ತೆ. ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ, ಹೊರಗಿನಿಂದ ಅಡ್ಮಿನ್ ಪುಟ ತೆರೆಯೋ ಆಯ್ಕೆ ಆಫ್ ಮಾಡಿ, ಫರ್ಮ್‌ವೇರ್ ಅಪ್‌ಡೇಟ್ ಮಾಡಿದ್ವಿ.

ಇನ್ನು ಒಎನ್‌ಟಿಯ ವ್ಯಾನ್ ಅಡ್ರೆಸ್ ಮೊದಲೇ ನೋಡಿ ಅಂದಿದ್ವಲ್ಲ, ಅದಕ್ಕೆ ಕಾರಣ ಚಿಂತಾಮಣಿಯ ಗೆಳೆಯನ ಮನೆ. ನಮ್ಮದು ಕೆಲಸ ಮಾಡಿದ್ದು ಕೇಳಿ ಅವನೂ ಬ್ರಿಡ್ಜ್ ಮಾಡಿಸ್ತೀನಿ ಅಂದ. ಅವನ ಒಎನ್‌ಟಿ ಪುಟದಲ್ಲಿ ವ್ಯಾನ್ ಅಡ್ರೆಸ್ 100.72ರಿಂದ ಶುರುವಾಗ್ತಿತ್ತು, ಹೊರಗಿನವರು ಹೇಳೋ ಅಡ್ರೆಸ್ಸೇ ಬೇರೆ. ನಮ್ಮ ಏಷ್ಯಾ-ಪೆಸಿಫಿಕ್ ಭಾಗಕ್ಕೆ ಐಪಿವಿ4 ಅಡ್ರೆಸ್ ಹಂಚೋ ಎಪಿನಿಕ್‌ನ ದಾಸ್ತಾನು 2011ರ ಏಪ್ರಿಲ್‌ನಲ್ಲೇ ಕೊನೆಯ ಕಂತಿಗೆ ಬಂತು. ಅಲ್ಲಿಂದಾಚೆ ಒಬ್ಬೊಬ್ಬ ಗ್ರಾಹಕನಿಗೂ ಒಂದೊಂದು ಅಡ್ರೆಸ್ ಕೊಡೋದು ಕಷ್ಟವಾಗಿ, ಎಷ್ಟೋ ಕಂಪನಿಗಳು ನೂರಾರು ಮನೆಗಳನ್ನ ತಮ್ಮದೇ ಒಂದು ದೊಡ್ಡ ನ್ಯಾಟ್ ಹಿಂದೆ ಕೂರಿಸಿದವು. ಅದಕ್ಕೆ ಕ್ಯಾರಿಯರ್ ಗ್ರೇಡ್ ನ್ಯಾಟ್ ಅಂತ ಹೆಸರು. ಆ ಉಪಯೋಗಕ್ಕೆ ಅಂತಲೇ 2012ರಲ್ಲಿ 100.64.0.0ರಿಂದ 100.127.255.255ರವರೆಗಿನ ಸಾಲನ್ನ ಮೀಸಲಿಟ್ಟರು.

ಅವನ ಮನೆಯಲ್ಲಿ ಇದ್ದದ್ದು ಮೂರು ಪುಸ್ತಕ. ಬ್ರಿಡ್ಜ್ ಮಾಡಿಸಿದರೆ ಮೂರು ಎರಡಾಗುತ್ತೆ, ಆದರೆ ಉಳಿಯೋ ಹೊರಗಿನ ಪುಸ್ತಕ ಕಂಪನಿಯ ಕಟ್ಟಡದಲ್ಲಿದೆ. ಅದರಲ್ಲಿ ಸಾಲು ಬರೆಯೋಕೆ ನಮಗೆ ಕೈ ಎಟಕಲ್ಲ. ಅಂಥ ಕಡೆ ತಿಂಗಳಿಗೆ ಹೆಚ್ಚುವರಿ ದುಡ್ಡು ಕೊಟ್ಟು ಸ್ಟ್ಯಾಟಿಕ್ ಐಪಿ ತಗೋಬೇಕು. ಕಂಪನಿ ಐಪಿವಿ6 ಕೊಡ್ತಿದ್ದರೆ ಆ ದಾರಿ ಹಿಡಿಯಬಹುದು, ಅಲ್ಲಿ ಪೈಗೇ ಸ್ವಂತ ಅಡ್ರೆಸ್ ಇರುತ್ತೆ. ಎರಡೂ ಇಲ್ಲ ಅಂದರೆ ಹೊರಗೊಂದು ಬಾಡಿಗೆ ಸರ್ವರ್ ಇಟ್ಟು, ಪೈಯೇ ಒಳಗಿನಿಂದ ಅದಕ್ಕೆ ಸಂಪರ್ಕ ಹಿಡ್ಕೊಂಡಿರೋ ಹಾಗೆ ಮಾಡಬೇಕು. ಅವನು ಮಾಡಿದ್ದು ಕೊನೆಯದ್ದನ್ನ. ಒಎನ್‌ಟಿಯನ್ನ ಮುಟ್ಟೋ ಅಗತ್ಯವೇ ಬೀಳಲಿಲ್ಲ.

ತೊಂಡೇಬಾವಿಯ ಒಎನ್‌ಟಿ ಮೇಲೆ ಈಗ ಒಂದು ಚೀಟಿ ಅಂಟಿಸಿದೀವಿ: "ಬ್ರಿಡ್ಜ್ ಮೋಡ್. ಕೇಬಲ್ ಲ್ಯಾನ್ 1ರಲ್ಲೇ ಇರಬೇಕು. ರೀಸೆಟ್ ಒತ್ತಬೇಡಿ." ನೆಟ್ ನಿಧಾನ ಆದಾಗ ಯಾರಾದರೂ ಆ ಸಣ್ಣ ರಂಧ್ರಕ್ಕೆ ಪಿನ್ ಚುಚ್ಚಿದರೆ ಬ್ರಿಡ್ಜ್ ಅಳಿಸಿಹೋಗಿ ಡಬ್ಬಿ ಮತ್ತೆ ಹಳೇ ರೂಟರ್ ಆಗುತ್ತೆ. ಆಮೇಲೆ ಲೈನ್‌ನವರು ಬಂದು ಮಾಮೂಲಿ ಸೆಟ್ಟಿಂಗ್ ಹಾಕಿ ಹೋದರೆ ಯೂಟ್ಯೂಬ್ ಮೊದಲಿನಂತೇ ಓಡುತ್ತೆ, ಪೈ ಮಾತ್ರ ಹೊರಗಿನಿಂದ ಕಾಣಲ್ಲ.